ಕಾನ್ಪುರ ಶಿವಮೊಗ್ಗದ ಪಶ್ಚಿಮಕ್ಕೆ ಬಂದಾಗ

ಶಿವಮೊಗ್ಗ ಪೇಟೆಯೊಳಗೆ ಪಾರ್ಸೆಲ್ ಹಂಚುವವರೊಬ್ಬರಿಗೆ ದೂರದ ಲೆಕ್ಕ ಬರೆದು ಕೊಟ್ಟು ನಾಲ್ಕು ವರ್ಷದ ಹತ್ತಿರ ಆಯಿತು. ಗಾಂಧಿ ಬಜಾರಿನ ಅಂಗಡಿಗೆ ಯಾವ ಹುಡುಗ ಹತ್ತಿರ, ವಿನೋಬನಗರದ ಮನೆಗೆ ಯಾರನ್ನು ಕಳಿಸಬೇಕು, ಇಷ್ಟೇ ಕೆಲಸ. ಮ್ಯಾಪ್ ಸೇವೆಗೆ ದುಡ್ಡು ಕಟ್ಟಿದ್ದರೆ ತಿಂಗಳಿಗೆ ಆರೇಳು ಸಾವಿರ ಹೋಗುತ್ತಿತ್ತು. ನಾನು ಎಲ್ಲ ವಿಳಾಸಗಳನ್ನೂ, ಒಂದು ಜಾಗ ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂದು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಗೆ ಬದಲಾಯಿಸಿ, ಎಂಟನೇ ಕ್ಲಾಸಿನ ಲಂಬಕೋನ ತ್ರಿಭುಜ ಹಾಕಿದೆ: ಪೂರ್ವ-ಪಶ್ಚಿಮದ ವ್ಯತ್ಯಾಸದ ವರ್ಗ, ಉತ್ತರ-ದಕ್ಷಿಣದ ವ್ಯತ್ಯಾಸದ ವರ್ಗ, ಕೂಡಿಸಿ ವರ್ಗಮೂಲ. ಸಾಗರದ ನನ್ನ ಗೆಳೆಯ, ಇದೇ ಕೆಲಸದವನು, "ಭೂಮಿ ಗುಂಡಗಿದೆ ಮಾರಾಯಾ, ಇದೆಲ್ಲ ನಡೆಯಲ್ಲ" ಅಂದಿದ್ದ. ನಡೆಯಿತು, ಇವತ್ತಿಗೂ ನಡೆಯುತ್ತಿದೆ.

ಅವನಿಗೆ ಲೆಕ್ಕ ಮಾಡಿಯೇ ತೋರಿಸಿದ್ದೆ. 5 ಕಿಲೋಮೀಟರಿನಲ್ಲಿ ಭೂಮಿಯ ಬಾಗಿನ ಮೇಲೆ ಅಳೆದ ದೂರಕ್ಕೂ ನೇರ ಗೆರೆಯ ದೂರಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ. ಯುಟಿಎಂ ನಮ್ಮೂರಿನ ಹತ್ತಿರ ದೂರವನ್ನು ಒಂಚೂರು ಕುಗ್ಗಿಸುತ್ತದೆ, ಅದೂ 5 ಕಿಲೋಮೀಟರಿಗೆ 2 ಮೀಟರಿನ ಒಳಗೆ. ಮೊಬೈಲಿನ ಜಿಪಿಎಸ್ಸೇ ಅದಕ್ಕಿಂತ ಹೆಚ್ಚು ಅಲ್ಲಾಡುತ್ತದೆ. ಪೇಟೆಯ ಮಟ್ಟಿಗೆ ಭೂಮಿ ಚಪ್ಪಟೆ ಎಂದುಕೊಂಡರೆ ಏನೂ ಕೆಡುವುದಿಲ್ಲ.

ಕೆಟ್ಟದ್ದು ಅಡಿಕೆ ಲೋಡಿನಲ್ಲಿ. ಮಂಡಿಯ ಸಾಹುಕಾರರೊಬ್ಬರು ಕರೆದು, "ತಮ್ಮಾ, ಲಾರಿ ಬಾಡಿಗೆ ಅಂದಾಜು ಕೂತಲ್ಲೇ ಸಿಗೋ ಹಾಗೆ ಮಾಡಿಕೊಡು, ಇಂಡಿಯಾ ಪೂರ್ತಿ" ಅಂದರು. ಪೇಟೆಗೆ ಬರೆದದ್ದನ್ನೇ ತೆಗೆದು ಊರುಗಳ ಪಟ್ಟಿ ಸೇರಿಸಿದೆ. ನೇರ ದೂರಕ್ಕೆ 1.25 ಗುಣಿಸಿದರೆ ರಸ್ತೆ ದೂರ, ಅದಕ್ಕೆ ಕಿಲೋಮೀಟರಿಗೆ 45 ರೂಪಾಯಿ. ಕಾನ್ಪುರಕ್ಕೆ ನೇರ ದೂರ 1,391 ಕಿಲೋಮೀಟರ್ ಬಂತು. ನೋಡಿದರೆ ಸರಿ ಅನ್ನಿಸುವ ಅಂಕಿ, ಯಾರಿಗೂ ಸಂಶಯ ಬರಲಿಲ್ಲ. ರಾಶಿ ಅಡಿಕೆಯ ಐದು ಲೋಡ್ ಅದೇ ಬಾಡಿಗೆಗೆ ಒಪ್ಪಿಕೊಂಡು ಹೋದವು. ಪ್ರತಿ ಸಲವೂ ಡ್ರೈವರುಗಳು ನೂರು ಕಿಲೋಮೀಟರ್ ಹೆಚ್ಚಾಯಿತು ಎಂದು ತಗಾದೆ ತೆಗೆದರು. ಸುತ್ತು ಹಾಕಿಕೊಂಡು ಹೋಗಿದ್ದಾರೆ ಎಂದುಕೊಂಡೆವು. ಒಟ್ಟು 24-25 ಸಾವಿರ ಕೈಬಿಟ್ಟಿತು, ಅದರಲ್ಲಿ ಅರ್ಧ ನನ್ನ ತಲೆಗೆ.

ತಪ್ಪು ಹೊರಬಿದ್ದದ್ದು ಗುವಾಹಟಿಯಿಂದ. ಅಲ್ಲಿಗೆ ಕಾಳುಮೆಣಸು ಕಳಿಸುವ ವಿಚಾರಣೆ ಬಂತು, ನನ್ನ ಲೆಕ್ಕ 1,364 ಕಿಲೋಮೀಟರ್ ಅಂತು. ಅಂದರೆ ಕಾನ್ಪುರಕ್ಕಿಂತ ಗುವಾಹಟಿ ಹತ್ತಿರ! ಸಾಹುಕಾರರು ಗೋಡೆಯ ಕ್ಯಾಲೆಂಡರಿನ ನಕ್ಷೆ ತೋರಿಸಿ ಸುಮ್ಮನೆ ನನ್ನ ಮುಖ ನೋಡಿದರು. ಆ ರಾತ್ರಿ ಮಲಗಲಿಲ್ಲ.

ಮೀಟರ್ ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಪೂರ್ವಕ್ಕೆ ಎಷ್ಟು ಎಂಬ ಕಾಲಂನಲ್ಲಿ ಶಿವಮೊಗ್ಗ 5,61,000 ಚಿಲ್ಲರೆ, ಕಾನ್ಪುರ 4,33,000, ಗುವಾಹಟಿ 3,74,000. ಪೂರ್ವಕ್ಕೆ ಹೋದಷ್ಟೂ ಹೆಚ್ಚಬೇಕಾದ ಅಂಕಿ ಇಳಿದಿದೆ. ನನ್ನ ಲೆಕ್ಕದಲ್ಲಿ ಕಾನ್ಪುರ ಶಿವಮೊಗ್ಗದ ಪಶ್ಚಿಮಕ್ಕಿತ್ತು. ಯುಟಿಎಂ ಪ್ರತಿ 6 ಡಿಗ್ರಿ ರೇಖಾಂಶಕ್ಕೆ ಒಂದು ವಲಯ ಮಾಡಿ, ಪ್ರತಿ ವಲಯದ ನಡುಗೆರೆಯನ್ನೂ 5,00,000 ಎಂದೇ ಹಿಡಿಯುತ್ತದೆ. ನಾವು 43ನೇ ವಲಯ, ಕಾನ್ಪುರ 44, ಗುವಾಹಟಿ 46. ಬೇರೆ ಬೇರೆ ಗದ್ದೆಯಲ್ಲಿ ಬದುವಿನಿಂದ ಎಣಿಸಿದ ಹೆಜ್ಜೆಗಳನ್ನು ನಾನು ಒಂದರಿಂದೊಂದು ಕಳೆದಿದ್ದೆ. ಇದು ರಾಜ್ಯ ದಾಟಿದರೆ ಮಾತ್ರ ಬರುವ ತೊಂದರೆಯೂ ಅಲ್ಲ. 43 ಮತ್ತು 44ರ ನಡುವಿನ ಗಡಿ 78 ಡಿಗ್ರಿ, ನಮ್ಮ ಕೋಲಾರ ಪಟ್ಟಣ ಅದರಾಚೆ ಇದೆ. ಸುಮಾರು 290 ಕಿಲೋಮೀಟರ್ ಇರಬೇಕಾದದ್ದು ನನ್ನ ಲೆಕ್ಕದಲ್ಲಿ 380 ದಾಟಿತ್ತು.

ಗೆಳೆಯ "ನಾನು ಹೇಳಿದ್ದೆನಲ್ಲ, ತ್ರಿಭುಜ ಬಿಡು" ಅಂದ. ನಾನು ಬಿಡಲಿಲ್ಲ. ಮೀಟರ್ ಬಿಟ್ಟು ನೇರ ಡಿಗ್ರಿಗೆ ಬಂದೆ. ಅಕ್ಷಾಂಶದ ಒಂದು ಡಿಗ್ರಿ ಎಲ್ಲೇ ಹೋದರೂ 111 ಕಿಲೋಮೀಟರಿನ ಆಸುಪಾಸು. ರೇಖಾಂಶದ ಡಿಗ್ರಿ ಹಾಗಲ್ಲ. ಚಕ್ಕೋತ ಹಣ್ಣಿನ ತೊಳೆ ನೋಡಿ: ನಡುವೆ ದಪ್ಪ, ತೊಟ್ಟಿನ ಕಡೆಗೆ ಹೋಗುತ್ತಾ ಸಣ್ಣ. ಶಿವಮೊಗ್ಗದಲ್ಲಿ ಒಂದು ಡಿಗ್ರಿ 108 ಕಿಲೋಮೀಟರ್, ದೆಹಲಿಯ ಮಟ್ಟದಲ್ಲಿ 98, ಶ್ರೀನಗರದ ಮಟ್ಟದಲ್ಲಿ 92. ಮೊದಲು ನಾನು ಎಲ್ಲ ಕಡೆಗೂ ನಮ್ಮೂರಿನ 108ನ್ನೇ ಹಾಕಿದೆ. ಕಾನ್ಪುರ 1,484 ಬಂತು, ಬರಬೇಕಾದದ್ದು 1,478. ಗುವಾಹಟಿ ಮಾತ್ರ 2,163ರ ಬದಲು 2,211, ಸುಮಾರು 50 ಕಿಲೋಮೀಟರ್ ಹೆಚ್ಚು. ಕಾನ್ಪುರ ಹೆಚ್ಚುಕಮ್ಮಿ ನೇರ ಉತ್ತರಕ್ಕಿದೆ, ಅದಕ್ಕೇ ಅಲ್ಲಿ ತಪ್ಪು ಕಾಣುವುದಿಲ್ಲ. ಪೂರ್ವ-ಪಶ್ಚಿಮದ ಪಾಲು ಹೆಚ್ಚಿದ್ದಲ್ಲಿ ಹೊಡೆಯುತ್ತದೆ. ಲಾರಿ ಹೋಗದಿದ್ದರೂ ಶ್ರೀನಗರ-ಲೇಹ್ ಹಾಕಿ ನೋಡಿದೆ: ನೇರ ದೂರ 256, ನನ್ನ 108ರ ಲೆಕ್ಕದಲ್ಲಿ 300.

ಕೊನೆಗೆ ಕೈಹಿಡಿದದ್ದು ಇದು. ಎರಡೂ ಊರುಗಳ ಅಕ್ಷಾಂಶದ ಸರಾಸರಿ ತೆಗೆದು, ಆ ನಡುವಿನ ಜಾಗದಲ್ಲಿ ತೊಳೆ ಎಷ್ಟು ದಪ್ಪವೋ ಅದನ್ನು ಬಳಸುವುದು.

```python
m = math.radians((lat1 + lat2) / 2)
dy = (lat2 - lat1) * 111.2
dx = (lon2 - lon1) * 111.2 * math.cos(m)
d = math.hypot(dx, dy)
```

ಕಾನ್ಪುರ 1,478. ಗುವಾಹಟಿ 2,167. ಗೆಳೆಯ, ಗುಂಡು ಭೂಮಿಯ ಬಾಗಿನ ಮೇಲೆಯೇ ದೂರ ಅಳೆಯುವ ಹಾವರ್‌ಸೈನ್ ಸೂತ್ರದಲ್ಲಿ ತಾಳೆ ನೋಡಿದ: ಮೊದಲನೆಯದರಲ್ಲಿ ಒಂದು ಕಿಲೋಮೀಟರೂ ವ್ಯತ್ಯಾಸವಿಲ್ಲ, ಎರಡನೆಯದರಲ್ಲಿ 4. ಹಾವರ್‌ಸೈನ್ ಕೂಡ ಭೂಮಿಯನ್ನು ಸರಿಯಾದ ಚೆಂಡು ಎಂದೇ ಹಿಡಿಯುವುದರಿಂದ, ಅಷ್ಟು ದೂರಕ್ಕೆ ನಾಲ್ಕಾರು ಕಿಲೋಮೀಟರಿನ ತಪ್ಪು ಅದರದ್ದೂ ಇರುತ್ತದೆ. ಅವನು ಆಮೇಲೆ ಏನೂ ಹೇಳಲಿಲ್ಲ, ತನ್ನ ಪ್ರೋಗ್ರಾಮಿಗೂ ಈ ನಾಲ್ಕು ಸಾಲು ಕೇಳಿ ಪಡೆದ.

ಇದಕ್ಕೂ ಮಿತಿ ಇದೆ, ಅದನ್ನೂ ಅವತ್ತೇ ಹುಡುಕಿದೆ. ದೆಹಲಿ-ಲಂಡನ್ ಹಾಕಿದರೆ 7,050 ದಾಟುತ್ತದೆ, ನಿಜವಾದದ್ದು 6,710ರ ಹತ್ತಿರ. ಅಷ್ಟು ದೂರಕ್ಕೆ ಹತ್ತಿರದ ದಾರಿ ಉತ್ತರಕ್ಕೆ ಬಾಗಿ, ತೊಳೆ ಸಣ್ಣದಾಗುವ ಕಡೆಯಿಂದ ಹೋಗುತ್ತದೆ. ಸರಾಸರಿ ಅಕ್ಷಾಂಶಕ್ಕೆ ಅದು ಗೊತ್ತಾಗುವುದಿಲ್ಲ. ಹಡಗಿನ ಲೆಕ್ಕ, ವಿಮಾನದ ಲೆಕ್ಕ ಮಾಡುವವರು ಹಾವರ್‌ಸೈನನ್ನೇ ಹಾಕಲಿ.

ನಡುವೆ ಆಗುಂಬೆ ಘಾಟಿಯ ಮೇಲೂ ಒಂದು ಪ್ರಯೋಗ ಮಾಡಿದ್ದೆ. ಎತ್ತರವನ್ನೂ ಸೇರಿಸಿದರೆ ದೂರ ಬದಲಾಗುತ್ತದೆಯೇ ಎಂದು. ನಕ್ಷೆಯ ಮೇಲೆ 4 ಕಿಲೋಮೀಟರ್, ಇಳಿತ ಅರ್ಧ ಕಿಲೋಮೀಟರ್ ಎಂದು ಹಿಡಿದರೂ ಹೆಚ್ಚುವುದು 30 ಮೀಟರ್ ಅಷ್ಟೇ. ದೂರ ಹೆಚ್ಚಿಸುವುದು ಆ 14 ಹೇರ್‌ಪಿನ್ ತಿರುವುಗಳು, ಅಲ್ಲಿ 1.25 ಯಾವ ಮೂಲೆಗೂ ಸಾಲದು. ಯಾವ ಘಾಟಿಗೆ ಎಷ್ಟು ಗುಣಿಸಬೇಕು ಎಂಬ ಪಟ್ಟಿ ನನ್ನ ಬಳಿ ಇದೆ. ಎರಡು ಮಳೆಗಾಲ ಡ್ರೈವರುಗಳ ಜೊತೆ ಕೂತು ಮಾಡಿದ್ದು, ಅದು ನನ್ನಲ್ಲೇ ಇರಲಿ.

ಪೇಟೆಯ ಪಾರ್ಸೆಲ್ ಲೆಕ್ಕ ಈಗಲೂ ಯುಟಿಎಂ ಮೀಟರಿನಲ್ಲೇ ಇದೆ, ಆದರೆ ಒಂದು ಕಾಲಂ ಸೇರಿಸಿದ್ದೇನೆ: ವಲಯದ ಸಂಖ್ಯೆ. ಎರಡು ಊರುಗಳ ಸಂಖ್ಯೆ ಬೇರೆಯಾದರೆ ಕಳೆಯುವ ಕೆಲಸವೇ ನಡೆಯುವುದಿಲ್ಲ, ಡಿಗ್ರಿಯ ಲೆಕ್ಕಕ್ಕೆ ಹೋಗುತ್ತದೆ. ಕಳೆದ ತಿಂಗಳು ಕಾನ್ಪುರಕ್ಕೆ ಮೂರು ಲೋಡ್ ಹೋದವು. ಡ್ರೈವರುಗಳ ಕಿಲೋಮೀಟರಿಗೂ ನಮ್ಮದಕ್ಕೂ ಮೂವತ್ತರೊಳಗೆ ವ್ಯತ್ಯಾಸ ಬಂತು, ಸಾಹುಕಾರರು ಹಳೆಯ ಬಾಕಿಯಲ್ಲಿ ನನ್ನ ಪಾಲಿನದ್ದನ್ನು ಹೊಡೆದುಹಾಕಿದರು.