ಆಷಾಢಕ್ಕೂ ದುಡ್ಡು ಕಟ್ಟಿದ ವರ್ಷ

ನಾನು ಬನಶಂಕರಿಯ ನಮ್ಮ ಮನೆಯಿಂದಲೇ ಮದುವೆ ಆಲ್ಬಮ್ ಡಿಸೈನ್ ಮಾಡುತ್ತೇನೆ. ಫೋಟೋಗ್ರಾಫರ್‌ಗಳು ಫೋಟೋ ಕಳಿಸುತ್ತಾರೆ. ನಾನು ಆರಿಸಿ, ಬಣ್ಣ ಸರಿಮಾಡಿ, ಪುಟ ಜೋಡಿಸಿ ಪ್ರೆಸ್ಸಿಗೆ ಕೊಡುತ್ತೇನೆ. ಮೂರು ವರ್ಷದ ಹಿಂದೆ ಒಂದು ಹೊಸ ಸಾಫ್ಟ್‌ವೇರ್ ನೋಡೋಣ ಅಂತ ಏಳು ದಿನದ ಫ್ರೀ ಟ್ರಯಲ್ ಹಾಕಿಕೊಂಡೆ. ಕಾರ್ಡ್ ನಂಬರ್ ಕೇಳಿತು, ಕೊಟ್ಟೆ. ಒಟಿಪಿ ಬಂತು, ಹಾಕಿದೆ. ಎರಡು ದಿನ ನೋಡಿದೆ, ಅಷ್ಟೇನೂ ಹಿಡಿಸಲಿಲ್ಲ. ಅನ್‌ಇನ್‌ಸ್ಟಾಲ್ ಮಾಡಿ ಸುಮ್ಮನಾದೆ.

ಎಂಟನೇ ದಿನ ನನ್ನ ಅಕೌಂಟಿನಿಂದ ₹9,588 ಹೋಗಿತ್ತು.

ಆಮೇಲೆ ಮೆಸೇಜ್‌ಗಳನ್ನು ಹುಡುಕಿದಾಗ ಎಲ್ಲ ಗೊತ್ತಾಯಿತು. ಹಿಂದಿನ ದಿನವೇ ಬ್ಯಾಂಕು ಎಸ್‌ಎಂಎಸ್ ಕಳಿಸಿತ್ತು. ಆಟೋ ರಿನ್ಯೂವಲ್‌ಗೆ ದುಡ್ಡು ಕಡಿಯುವ ಕನಿಷ್ಠ 24 ಗಂಟೆ ಮೊದಲು ಹೀಗೆ ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. 2021ರ ಅಕ್ಟೋಬರ್‌ನಿಂದ ಅದು ಪೂರ್ತಿ ಜಾರಿಯಲ್ಲಿದೆ. ಆದರೆ ಮೆಸೇಜಿನಲ್ಲಿ ಸಾಫ್ಟ್‌ವೇರಿನ ಹೆಸರಿರಲಿಲ್ಲ, ಅದನ್ನು ಮಾರುವ ಕಂಪನಿಯ ಹೆಸರಿತ್ತು. ಅವತ್ತು ಒಂದು ಆಲ್ಬಮ್ ಪ್ರೆಸ್ಸಿಗೆ ಹೋಗಬೇಕಿತ್ತು. ಯಾವುದೋ ಜಾಹೀರಾತು ಅಂದುಕೊಂಡು ಓದದೆ ಬಿಟ್ಟೆ. ಎರಡನೇ ಸಲ ಒಟಿಪಿ ಯಾಕೆ ಕೇಳಲಿಲ್ಲ ಅಂದರೆ, ಮೊದಲ ಸಲ ಒಪ್ಪಿಗೆ ಕೊಟ್ಟ ಮೇಲೆ ₹15,000ದವರೆಗಿನ ಇಂಥ ಕಡಿತಕ್ಕೆ ಮತ್ತೆ ಕೇಳಬೇಕಿಲ್ಲ. ಟ್ರಯಲ್ ದಿನ ನಾನು ಹಾಕಿದ ಒಟಿಪಿಯೇ ಆ ಒಪ್ಪಿಗೆ. ಸಾಫ್ಟ್‌ವೇರ್ ತೆಗೆದುಹಾಕಿದರೆ ಕಂಪ್ಯೂಟರಿನಲ್ಲಿ ಜಾಗ ಖಾಲಿಯಾಗುತ್ತದೆ, ಒಪ್ಪಿಗೆ ಮಾತ್ರ ಹಾಗೇ ಇರುತ್ತದೆ.

ದುಡ್ಡು ವಾಪಸ್ ಕೇಳಿ ಬರೆದೆ. ಸಿಗಲಿಲ್ಲ. ಸರಿ, ಕಟ್ಟಿಯಾಯಿತಲ್ಲ ಅಂತ ಅದನ್ನೇ ಕಲಿತು ಬಳಸತೊಡಗಿದೆ. ನಿಜ ಹೇಳಬೇಕೆಂದರೆ, ಬಳಸುತ್ತಾ ಹೋದಂತೆ ಸಾಫ್ಟ್‌ವೇರ್ ಒಳ್ಳೆಯದೇ ಅನಿಸಿತು. ಆದರೆ ದುಡ್ಡು ಹೋಗಿದ್ದು ಗೊತ್ತಾದ ದಿನವೇ ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಮುಂದಿನ ವರ್ಷದ ರಿನ್ಯೂವಲ್ ನಿಲ್ಲಿಸಿದೆ. ಕಟ್ಟಿದ ವರ್ಷ ಮುಗಿಯುವವರೆಗೂ ಅದು ನಡೆಯಿತು.

ವರ್ಷ ಮುಗಿಯುವ ಹೊತ್ತಿಗೆ ಮುಂದೇನು ಅನ್ನುವ ಪ್ರಶ್ನೆ ಬಂತು. ತಿಂಗಳ ಪ್ಲಾನ್ ₹1,199. ವರ್ಷದ್ದು ₹9,588, ಅಂದರೆ ತಿಂಗಳಿಗೆ ₹799 ಬಿದ್ದಂತೆ. ಸ್ಕ್ರೀನಿನ ಮೇಲೆ ಆ 799 ದೊಡ್ಡದಾಗಿ ಕಾಣುತ್ತದೆ. ಯಾರಿಗಾದರೂ ವರ್ಷದ್ದೇ ಲಾಭ ಅನಿಸುತ್ತದೆ, ಅಲ್ವಾ? ನಾನು ಮಾಡಿದ ಲೆಕ್ಕ ಬೇರೆ. ವರ್ಷದ ಬೆಲೆಯನ್ನು ತಿಂಗಳ ಬೆಲೆಯಿಂದ ಭಾಗಿಸಿದೆ. 9,588 ಭಾಗಿಸು 1,199, ಹೆಚ್ಚುಕಡಿಮೆ 8. ಅಂದರೆ ವರ್ಷದಲ್ಲಿ ಎಂಟು ತಿಂಗಳು ಬಳಸಿದರೆ ಎರಡೂ ಸಮ. ಒಂಬತ್ತಾದರೆ ವರ್ಷದ್ದು ಲಾಭ, ಏಳಾದರೆ ತಿಂಗಳದ್ದು. ಒಂದು ಎಚ್ಚರ ಬೇಕು: ಎರಡು ಬೆಲೆಯನ್ನೂ ಜಿಎಸ್‌ಟಿ ಸೇರಿಸಿಯೇ ಹೋಲಿಸಬೇಕು. ಒಂದರಲ್ಲಿ ಸೇರಿ, ಇನ್ನೊಂದರಲ್ಲಿ ಸೇರದಿದ್ದರೆ ಶೇ 18ರಷ್ಟು ಲೆಕ್ಕ ತಪ್ಪುತ್ತದೆ.

ಈಗ ನಾನು ಎಷ್ಟು ತಿಂಗಳು ಬಳಸುತ್ತೇನೆ? ಇದನ್ನು ಅಂದಾಜಿನಲ್ಲಿ ಹೇಳಬಾರದು. ಅಂದಾಜು ಹಾಕಿದಾಗ ನನಗೆ 'ವರ್ಷವಿಡೀ ಕೆಲಸ ಇರುತ್ತೆ' ಅನಿಸಿತ್ತು. ಬಿಲ್ ಪುಸ್ತಕ ತೆಗೆದು ನೋಡಿದರೆ ಏಳೇ ತಿಂಗಳು. ಧನುರ್ಮಾಸದಲ್ಲಿ ಮದುವೆ ಇಲ್ಲ. ಪಿತೃಪಕ್ಷದಲ್ಲಿ ಇಲ್ಲ. ಆಷಾಢದಲ್ಲಂತೂ ಕೇಳುವುದೇ ಬೇಡ. ನನಗೆ ಜಾಸ್ತಿ ಕೆಲಸ ಕೊಡುವ ಹನುಮಂತನಗರದ ಫೋಟೋಗ್ರಾಫರ್ ಆ ದಿನಗಳಲ್ಲಿ ಫೋನ್ ಮಾಡಿದರೆ, 'ಮೇಡಂ, ಶ್ರಾವಣ ಬರಲಿ, ಒಟ್ಟಿಗೆ ಕಳಿಸ್ತೀನಿ' ಅನ್ನುತ್ತಾರೆ. ಆ ತಿಂಗಳುಗಳಿಗೂ ನಾನು ಹಿಂದಿನ ವರ್ಷ ದುಡ್ಡು ಕಟ್ಟಿದ್ದೆ.

ತಿಂಗಳ ಪ್ಲಾನಿನಲ್ಲಿ ಇನ್ನೊಂದು ಅನುಕೂಲ ಆಮೇಲೆ ತಿಳಿಯಿತು. ಅವರ ತಿಂಗಳು ಒಂದನೇ ತಾರೀಖಿಗೆ ಶುರುವಾಗುವುದಿಲ್ಲ, ನಾವು ಕಟ್ಟಿದ ದಿನ ಶುರುವಾಗುತ್ತದೆ. ಹಾಗಾಗಿ ಫೋಟೋ ಬಂದ ಕೂಡಲೇ ಕಟ್ಟುವುದಿಲ್ಲ. ಫೋಟೋ ಆರಿಸುವ ಕೆಲಸಕ್ಕೆ ಈ ಸಾಫ್ಟ್‌ವೇರ್ ಬೇಕಿಲ್ಲ. ಮದುವೆ ಮನೆಯವರು ಫೋಟೋ ಆರಿಸಿ ಒಪ್ಪಿದ ಮೇಲೆ, ಎರಡು ಮೂರು ಆಲ್ಬಮ್ ಒಟ್ಟಾದಾಗ ಕಟ್ಟುತ್ತೇನೆ. ಹೀಗೆ ಮೇ ಕೊನೆಯ ಕೆಲಸವೂ ಜೂನ್ ಕೆಲಸವೂ ಒಂದೇ ತಿಂಗಳ ದುಡ್ಡಿನಲ್ಲಿ ಮುಗಿದವು. ಆ ವರ್ಷ ಆರು ಸಲ ಕಟ್ಟಿದೆ, ₹7,194. ಉಳಿದದ್ದು ₹2,394. ಪ್ರತಿ ಸಲ ಕಟ್ಟಿದ ದಿನವೇ ರಿನ್ಯೂವಲ್ ನಿಲ್ಲಿಸುತ್ತೇನೆ. ನಿಲ್ಲಿಸಿದ ಮೇಲೆ 'ಇಂಥ ತಾರೀಖಿನವರೆಗೆ ಬಳಸಬಹುದು' ಅಂತ ಸ್ಕ್ರೀನಿನಲ್ಲಿ ಬರುತ್ತದೆ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುತ್ತೇನೆ. ಫ್ರೀ ಟ್ರಯಲ್‌ಗೂ ಹೀಗೇ. ಆದರೆ ಕೆಲವು ಟ್ರಯಲ್‌ಗಳು ನಿಲ್ಲಿಸಿದ ಕ್ಷಣವೇ ಮುಗಿದುಹೋಗುತ್ತವೆ. ಅಂಥವಕ್ಕೆ ಮುಗಿಯುವ ಎರಡು ದಿನ ಮೊದಲು ಫೋನಿನಲ್ಲಿ ರಿಮೈಂಡರ್ ಇಡುತ್ತೇನೆ. ಕೊನೆಯ ದಿನಕ್ಕೆ ಇಟ್ಟರೆ ತಡವಾಗಬಹುದು.

ಎಲ್ಲವನ್ನೂ ತಿಂಗಳಿಗೇ ಇಟ್ಟಿಲ್ಲ. ಗ್ರಾಹಕರ ಫೋಟೋ ಇಡುವ ಕ್ಲೌಡ್ ಜಾಗಕ್ಕೆ ವರ್ಷದ ಪ್ಲಾನ್ ತೆಗೆದುಕೊಂಡಿದ್ದೇನೆ. ತಿಂಗಳಿಗೆ ₹210, ವರ್ಷಕ್ಕೆ ₹2,100. ಭಾಗಿಸಿದರೆ ಹತ್ತು. ಫೋಟೋಗಳಿಗೆ ಆಷಾಢ ಇಲ್ಲ, ಹನ್ನೆರಡು ತಿಂಗಳೂ ಜಾಗ ಬೇಕು. ಅಲ್ಲಿ ಆಟೋ ರಿನ್ಯೂವಲ್ ಕೂಡ ನಿಲ್ಲಿಸಿಲ್ಲ. ಒಂದು ವಾರ ಮರೆತರೂ ಹೊಸ ಫೋಟೋ ಹತ್ತುವುದು ನಿಂತುಹೋಗುತ್ತದೆ. ಮನೆಯಲ್ಲಿ ಓಟಿಟಿಗೆ ಎರಡೂ ಥರದ ಪ್ಲಾನ್ ಇವೆ. ಅತ್ತೆಯವರು ದಿನಾ ಸೀರಿಯಲ್ ನೋಡುವ ಒಂದಕ್ಕೆ ವರ್ಷದ್ದು. ಕ್ರಿಕೆಟ್‌ಗೆ ಬೇಕಾದದ್ದಕ್ಕೆ ಐಪಿಎಲ್ ನಡೆಯುವ ಎರಡು ತಿಂಗಳು ಮಾತ್ರ.

ತಿಂಗಳ ಪ್ಲಾನ್, ವರ್ಷದ ಪ್ಲಾನ್ ಇವೆರಡರ ನಡುವೆ ಮೂರನೆಯ ಪ್ಲಾನ್ ಒಂದಿದೆ. ಅದೇ ಹೆಚ್ಚು ಅಪಾಯದ್ದು ಅಂತ ನನ್ನ ಅಭಿಪ್ರಾಯ. ವರ್ಷದ ಒಪ್ಪಂದ, ಆದರೆ ಕಟ್ಟುವುದು ತಿಂಗಳು ತಿಂಗಳು. ನೋಡಲು ಅಗ್ಗದ ತಿಂಗಳ ಪ್ಲಾನಿನ ಹಾಗೇ ಇರುತ್ತದೆ. ನಾಲ್ಕನೇ ತಿಂಗಳು ಬಿಡುತ್ತೇನೆ ಅಂದರೆ ಉಳಿದ ತಿಂಗಳುಗಳ ದುಡ್ಡಿನಲ್ಲಿ ಒಂದು ಪಾಲು ಕೇಳಬಹುದು. ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ 'Annual, billed monthly' ಅಂತಿದ್ದರೆ ಇದು ಅದೇ. ನನ್ನ ತಮ್ಮ ಇಂಥದ್ದೊಂದರಲ್ಲಿ ಸಿಕ್ಕಿಕೊಂಡು, 'ಅಕ್ಕಾ, ಬ್ಯಾಂಕ್ ಆ್ಯಪಿನಲ್ಲಿ ಮ್ಯಾಂಡೇಟ್ ತೆಗೆದುಬಿಟ್ಟೆ, ಮುಗೀತಲ್ಲ' ಅಂದ. ಮುಗಿಯುವುದಿಲ್ಲ. ಮ್ಯಾಂಡೇಟ್ ಅಂದರೆ ದುಡ್ಡು ಕಡಿಯಲು ಬ್ಯಾಂಕಿಗೆ ಕೊಟ್ಟ ಒಪ್ಪಿಗೆ. ಅದನ್ನು ತೆಗೆದರೆ ದುಡ್ಡು ಹೋಗುವ ದಾರಿ ಮುಚ್ಚುತ್ತದೆ, ಒಪ್ಪಂದ ಮುಗಿಯುವುದಿಲ್ಲ. ಬಾಕಿ ಅಂತ ಇಮೇಲ್ ಬರುತ್ತಲೇ ಇರುತ್ತದೆ. ಮೊದಲು ಸಾಫ್ಟ್‌ವೇರಿನ ಅಕೌಂಟಿನಲ್ಲೇ ರದ್ದು ಮಾಡಿ, ಆಮೇಲೆ ಮ್ಯಾಂಡೇಟ್ ತೆಗೆಯಬೇಕು.

ಈಗ ಟ್ರಯಲ್‌ಗೆ ನಾನು ಆದಷ್ಟು ಯುಪಿಐ ಆಟೋಪೇ ಬಳಸುತ್ತೇನೆ. ಪಿನ್ ಹಾಕುವ ಮುಂಚಿನ ಸ್ಕ್ರೀನಿನಲ್ಲಿ ಎಷ್ಟು ದುಡ್ಡಿನವರೆಗೆ, ಎಷ್ಟು ದಿನಕ್ಕೊಮ್ಮೆ, ಯಾವಾಗಿನಿಂದ ಅನ್ನುವುದು ಇರುತ್ತದೆ. ಆ ಮೊತ್ತ ಗರಿಷ್ಠ ಮಿತಿ ಮಾತ್ರ, ಕಡಿಯುವುದು ಅದಕ್ಕಿಂತ ಕಡಿಮೆ ಇರಬಹುದು. ಆದರೂ ಎಷ್ಟು ದಿನಕ್ಕೊಮ್ಮೆ ಅನ್ನುವುದು ಬಹಳ ಹೇಳುತ್ತದೆ. ಹೋದ ತಿಂಗಳು ಒಂದು ಫಾಂಟ್ ಆ್ಯಪಿನ ಟ್ರಯಲ್ ಹಾಕುವಾಗ ಅಲ್ಲಿ 'Yearly' ಅಂತಿತ್ತು. ನಾನು ಆರಿಸಿದ್ದು ತಿಂಗಳದ್ದು ಅಂದುಕೊಂಡಿದ್ದೆ. ಪಿನ್ ಹಾಕದೆ ಹಿಂದಕ್ಕೆ ಹೋಗಿ ನೋಡಿದೆ. ವರ್ಷದ ಪ್ಲಾನಿನ ಮೇಲೆ ಮೊದಲೇ ಟಿಕ್ ಆಗಿತ್ತು.