ಅಲುಗದ ಗೆರೆ: ಕಂಟ್ರೋಲ್ ರೂಮಿನಲ್ಲಿ ಸತ್ತ ಸಿಗ್ನಲ್ ಪತ್ತೆ ಹಚ್ಚುವುದು ಹೇಗೆ?

ಕಲಬುರಗಿ ಜಿಲ್ಲೆಯ ಸೇಡಂ ಸೀಮೆಯಲ್ಲಿ ನೆಲದಡಿ ಎಲ್ಲಿ ನೋಡಿದರೂ ಸುಣ್ಣದ ಕಲ್ಲು. ಆ ಕಲ್ಲನ್ನು ನಂಬಿ ನಿಂತ ಒಂದು ಸಿಮೆಂಟ್ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ನಾನು ರಾತ್ರಿ ಪಾಳಿ ಮಾಡುತ್ತಿದ್ದೆ. ಹತ್ತಕ್ಕೆ ಕುಳಿತರೆ ಬೆಳಗಿನ ಆರರವರೆಗೆ ಎದುರಿಗೆ ಆರು ಪರದೆ, ಅವುಗಳ ಮೇಲೆ ನಡುಗುವ ಗೆರೆಗಳು. ಏಪ್ರಿಲ್ ತಿಂಗಳ ಒಂದು ರಾತ್ರಿ 2 ಗಂಟೆ 20 ನಿಮಿಷಕ್ಕೆ ಅವುಗಳಲ್ಲೊಂದು ನಡುಗುತ್ತಿಲ್ಲ ಎಂಬುದು ಕಣ್ಣಿಗೆ ಬಿತ್ತು. ಅಂಥ ಗೆರೆ ಕಂಡಾಗ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಆ ರಾತ್ರಿಯ ಕಥೆಯ ಜೊತೆಗೇ ಹೇಳುತ್ತೇನೆ.

ಅದು ಐದನೇ ಸೈಕ್ಲೋನಿನ ಕೋನ್ ಡ್ರಾಫ್ಟಿನ ಗೆರೆ. ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಅರೆದ ಸುಣ್ಣದ ಕಲ್ಲಿನ ಪುಡಿ ಕಿಲನ್ ಎಂಬ ತಿರುಗುವ ಕುಲುಮೆಗೆ ಬೀಳುವ ಮೊದಲು ಪ್ರೀಹೀಟರ್ ಎಂಬ ಎತ್ತರದ ಗೋಪುರದಲ್ಲಿ ಮೇಲಿನಿಂದ ಕೆಳಗೆ ಒಂದೊಂದೇ ಸೈಕ್ಲೋನ್ ದಾಟಿ ಇಳಿಯುತ್ತದೆ. ಸೈಕ್ಲೋನ್ ಎಂದರೆ ಆಲಿಕೆಯಾಕಾರದ ದೊಡ್ಡ ಪಾತ್ರೆ, ಅದರ ಕಿರಿದಾದ ಬುಡವೇ ಕೋನ್, ಅಲ್ಲಿನ ಗಾಳಿಯ ಒತ್ತಡವೇ ಡ್ರಾಫ್ಟ್. ಕೆಳಗಿನಿಂದ ಬಿಸಿ ಗಾಳಿ ಮೇಲೇರುತ್ತದೆ. ನಮ್ಮಲ್ಲಿ ಐದನೆಯದೇ ಕೊನೆಯ ಸೈಕ್ಲೋನ್. ಅಲ್ಲಿ ಪುಡಿಯ ಬಿಸಿ 850 ಡಿಗ್ರಿಯ ಆಸುಪಾಸು. ಇಡೀ ಗೋಪುರದ ಗಾಳಿಯನ್ನು ದೊಡ್ಡ ಫ್ಯಾನ್ ಮೇಲಿಂದ ಎಳೆಯುವುದರಿಂದ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆ. ಅದಕ್ಕೇ ಡ್ರಾಫ್ಟ್ ಯಾವಾಗಲೂ ಮೈನಸ್ಸಿನಲ್ಲಿರುತ್ತದೆ, ನೀರಿನ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಸೈಕ್ಲೋನಿನ ಬುಡದಲ್ಲಿ ಪುಡಿ ಕಟ್ಟಿಕೊಂಡು ಜಾಮ್ ಆಗತೊಡಗಿದರೆ ಕೋನಿನ ಡ್ರಾಫ್ಟ್ ಸೊನ್ನೆಯ ಕಡೆಗೆ ಬರುತ್ತದೆ. ಜಾಮಿನ ಮೊದಲ ಸುದ್ದಿ ಕೊಡುವುದು ಇದೇ ಗೆರೆ. ನಮ್ಮಲ್ಲಿ −40ಕ್ಕೆ ಅಲಾರಂ ಕೂಗುತ್ತಿತ್ತು, −20ಕ್ಕೆ ಪುಡಿಯ ಫೀಡ್ ತಾನಾಗಿ ನಿಲ್ಲುತ್ತಿತ್ತು.

ಆ ರಾತ್ರಿ ಪರದೆಯಲ್ಲಿದ್ದದ್ದು −96. ಅತ್ಯಂತ ಆರೋಗ್ಯವಂತ ಅಂಕಿ. ಅಲಾರಂ ಇಲ್ಲ, ಕೆಂಪು ದೀಪ ಇಲ್ಲ.

ಮೊದಲು ಅಳತೆಪಟ್ಟಿ ಕಿರಿದು ಮಾಡಿ

ಗೆರೆ ಸಪಾಟಾಗಿ ಕಂಡ ಮಾತ್ರಕ್ಕೆ ಸಿಗ್ನಲ್ ಸತ್ತಿದೆ ಎನ್ನುವಂತಿಲ್ಲ. 0ಯಿಂದ −200ರವರೆಗಿನ ಪಟ್ಟಿಯ ಮೇಲೆ ಎರಡು ಮಿಲಿಮೀಟರಿನ ನಡುಕ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ಪಟ್ಟಿಯನ್ನು −90ರಿಂದ −100ಕ್ಕೆ ಇಳಿಸಿದೆ. ಬದುಕಿರುವ ಡ್ರಾಫ್ಟ್ ಆಗಿದ್ದರೆ ಗರಗಸದ ಹಲ್ಲಿನ ಹಾಗೆ ಕಾಣಬೇಕಿತ್ತು, ಏಕೆಂದರೆ ಗಾಳಿಯೂ ಪುಡಿಯೂ ಒಂದೇ ಸಮನೆ ಹರಿಯುವುದಿಲ್ಲ. ನನಗೆ ಕಂಡದ್ದು ರೂಲು ಹಿಡಿದು ಎಳೆದಂಥ ಗೆರೆ. ಕೆಲವು ವ್ಯವಸ್ಥೆಗಳು ಜಾಗ ಉಳಿಸಲು ಹಳೆಯ ದಾಖಲೆಯ ಸಣ್ಣ ಏರಿಳಿತ ಅಳಿಸಿ ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆಯುತ್ತವೆ. ಆದ್ದರಿಂದ ಗೆರೆಯನ್ನಷ್ಟೇ ನೋಡದೆ ಆ ಕ್ಷಣದ ಅಂಕಿಯನ್ನೂ ಒಂದೆರಡು ನಿಮಿಷ ದಿಟ್ಟಿಸಬೇಕು. ದಿಟ್ಟಿಸಿದೆ. −96.0. ಬಿಂದುವಿನ ಮುಂದಿನ ಸೊನ್ನೆ ಕೂಡ ಅಲುಗಲಿಲ್ಲ.

ಆಮೇಲೆ ಕಾಲ ಹಿಗ್ಗಿಸಿ, ಅಕ್ಕಪಕ್ಕ ನೋಡಿ

ನಾವು ಸಾಮಾನ್ಯವಾಗಿ ಎರಡು ತಾಸಿನ ಟ್ರೆಂಡ್ ಇಟ್ಟುಕೊಂಡು ಕೂರುತ್ತೇವೆ. ಎರಡು ತಾಸಿನಲ್ಲಿ ಈ ಗೆರೆಗೆ ಆದಿಯೂ ಇರಲಿಲ್ಲ, ಅಂತ್ಯವೂ ಇರಲಿಲ್ಲ. 24 ತಾಸಿಗೆ ಹಿಗ್ಗಿಸಿದಾಗ ಹಿಂದಿನ ಮಧ್ಯಾಹ್ನ 4 ಗಂಟೆ 10 ನಿಮಿಷದವರೆಗೂ ನಡುಕ ಇದ್ದದ್ದು, ಅಲ್ಲಿಂದಾಚೆ ಕತ್ತರಿಸಿದ ಹಾಗೆ ನಿಂತದ್ದು ಕಂಡಿತು. ಸಂಜೆ ಪಾಳಿಯ ಬಹುಪಾಲು, ನನ್ನ ಪಾಳಿಯಲ್ಲೂ ನಾಲ್ಕು ತಾಸು, ಈ ಗೆರೆ ಏನೂ ಹೇಳಿರಲಿಲ್ಲ.

ಪರೀಕ್ಷೆಗೆಂದು ಯಂತ್ರವನ್ನು ಕದಲಿಸುವ ಅಗತ್ಯ ಎಷ್ಟೋ ಸಲ ಬರುವುದಿಲ್ಲ, ಆಗಲೇ ನಡೆದ ಬದಲಾವಣೆಯೊಂದು ಸಾಕಾಗುತ್ತದೆ. ರಾತ್ರಿ 1 ಗಂಟೆ 5 ನಿಮಿಷಕ್ಕೆ ನಾನೇ ಫ್ಯಾನಿನ ವೇಗ 820ರಿಂದ 835 ಸುತ್ತಿಗೆ ಏರಿಸಿದ್ದೆ. ಆ ಹೊತ್ತಿಗೆ ಗೋಪುರದ ಬೇರೆ ಎಲ್ಲ ಡ್ರಾಫ್ಟ್ ಗೆರೆಗಳೂ ಒಂದು ಮೆಟ್ಟಿಲು ಇಳಿದಿದ್ದವು. ಇದೊಂದು ಇಳಿದಿರಲಿಲ್ಲ. ಅಲ್ಲಿಗೆ ಅನುಮಾನ ಉಳಿಯಲಿಲ್ಲ. ಸಿಗ್ನಲ್ಲನ್ನು ಕಂಪ್ಯೂಟರಿಗೆ ಒಯ್ಯುವ ಇದೇ ಇನ್‌ಪುಟ್ ಕಾರ್ಡಿಗೆ ಸೇರಿದ ಉಳಿದ ಏಳು ಸಿಗ್ನಲ್‌ಗಳು ಬದುಕಿದ್ದವು. ಕಾರ್ಡ್ ಕೆಟ್ಟಿದ್ದರೆ ಅವೂ ನಿಲ್ಲುತ್ತಿದ್ದವು.

ಗೆರೆ ಎಲ್ಲಿ ನಿಂತಿದೆ, ಹೇಗೆ ನಿಂತಿದೆ?

ಇನ್ಸ್‌ಟ್ರುಮೆಂಟ್ ವಿಭಾಗದ ಹಿರಿಯ ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು.

"ಕಾಕಾ, ಐದನೇ ಸೈಕ್ಲೋನಿನ ಕೋನ್ ಡ್ರಾಫ್ಟ್ ನಿಂತದ್ರಿ. ಪೈಪ್ ಕಟ್ಟಿರಬೇಕು."

"ನಿಂತದ ಅಂದ್ರ ಹ್ಯಾಂಗ ನಿಂತದ? ಪಾಯಿಂಟಿನ ಮುಂದಿನ ಅಂಕಿರೆ ಅಲುಗತದೇನು ನೋಡು."

"ಇಲ್ರಿ. ಅದೂ ಅಲುಗವಲ್ದು."

"ಹಂಗಾದ್ರ ಪೈಪ್ ಅಲ್ಲ ತಮ್ಮಾ. ಪೈಪ್ ಕಟ್ಟಿದ್ರ ಗೆರಿ ಮೆಲ್ಲಕ ಎಲ್ಲರೆ ಸರೀತದ. ಹಿಂಗ ಕಲ್ಲಿನಂಗ ಕುಂದ್ರಲ್ಲ."

ನಾನು ಹೊಸಬನಾಗಿದ್ದಾಗ ಯಾರೂ ಹೇಳಿಕೊಡದ ವಿಷಯ ಇದು. ಸೈಕ್ಲೋನಿನಿಂದ ಒತ್ತಡ ಅಳೆಯುವ ಟ್ರಾನ್ಸ್‌ಮಿಟರ್‌ಗೆ ಬರುವ ಸಣ್ಣ ಪೈಪಿನ ಬಾಯಿಗೆ ಪುಡಿ ಕಟ್ಟಿಕೊಳ್ಳುವುದು ನಿತ್ಯದ ಕಾಟ. ಬಾಯಿ ಮುಚ್ಚಿದಾಗ ಹಳೆಯ ಒತ್ತಡ ಒಳಗೇ ಸಿಕ್ಕಿಬೀಳುತ್ತದೆ, ನಡುಕ ಮಾಯವಾಗುತ್ತದೆ. ಆದರೆ ಮುಚ್ಚಿದ ಪೈಪಿನೊಳಗಿನ ಗಾಳಿ ಒಂದೇ ಒಂದು ಡಿಗ್ರಿ ತಣ್ಣಗಾದರೂ ಒತ್ತಡ ಸುಮಾರು 35 ಮಿಲಿಮೀಟರ್ ಬದಲಾಗುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಸೋರಿಕೆ ಇದ್ದರೆ ಹೊರಗಿನ ಗಾಳಿ ನುಗ್ಗಿ ಗೆರೆ ಸೊನ್ನೆಯತ್ತ ಜಾರುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನ ನಾಲ್ಕು ಗಂಟೆಗೂ ನಡುರಾತ್ರಿಗೂ ಎಷ್ಟು ಅಂತರ! ಅಷ್ಟು ಹೊತ್ತು ಒಂದೇ ಅಂಕಿಯ ಮೇಲೆ ಕೂರುವುದು ಗಾಳಿಯಿಂದ ಆಗದ ಮಾತು.

ತಂತಿ ಕಡಿದಿದ್ದರೆ ಗೆರೆ ನಡುವೆ ನಿಲ್ಲದೆ ಒಂದು ತುದಿಗೆ ಹೋಗುತ್ತದೆ. ಟ್ರಾನ್ಸ್‌ಮಿಟರ್ ತನ್ನ ಅಳತೆಯನ್ನು 4ರಿಂದ 20 ಮಿಲಿಆಂಪಿಯರ್ ಕರೆಂಟಾಗಿ ಕಳಿಸುತ್ತದೆ. ಕನಿಷ್ಠವನ್ನು ಸೊನ್ನೆಗಿಡದೆ 4ಕ್ಕೆ ಇಟ್ಟಿರುವುದರಿಂದ, ಕರೆಂಟ್ ಪೂರ್ತಿ ಹೋದರೆ ಅದು ಅಳತೆಯಲ್ಲ, ಕಡಿದ ತಂತಿ ಎಂದು ತಿಳಿಯುತ್ತದೆ. ನಮ್ಮ ಗೆರೆ ನಡುವಿನಲ್ಲಿ, ದಶಾಂಶವೂ ಅಲುಗದೆ ನಿಂತಿತ್ತು. ಅಂದರೆ ಅದನ್ನು ಯಾರೋ ಅಥವಾ ಯಾವುದೋ ಹಿಡಿದಿಟ್ಟಿದೆ. ಪರದೆಯಲ್ಲಿ ಆ ಸಿಗ್ನಲ್ಲಿನ ವಿವರವಿರುವ ಟ್ಯಾಗ್ ತೆರೆದು ನೋಡಿದರೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ `FORCED` ಎಂದಿತ್ತು. ಮಧ್ಯಾಹ್ನ ಟ್ರಾನ್ಸ್‌ಮಿಟರ್ ಕೆಲಸಕ್ಕೆ ಬಂದವರು ಫೀಡ್ ನಿಲ್ಲಬಾರದೆಂದು ಕೈಯಿಂದ −96 ಕೊಟ್ಟಿದ್ದರು. ಕೆಲಸ ಮುಗಿಸಿ ಹೋಗುವಾಗ ಅದನ್ನು ತೆಗೆಯಲು ಮರೆತಿದ್ದರು.

ಫೋರ್ಸ್ ತೆಗೆಯುವ ಮುನ್ನ ನಿಜ ಅಂಕಿ ತಿಳಿಯಿರಿ

ಕೈ ತಟ್ಟನೆ ಮೌಸಿನ ಮೇಲೆ ಹೋಗುತ್ತದೆ. ತಡೆಯಿರಿ. ಹಿಂದೆ ಅಡಗಿರುವ ನಿಜವಾದ ಅಂಕಿ −20ಕ್ಕಿಂತ ಸೊನ್ನೆಗೆ ಹತ್ತಿರವಿದ್ದರೆ, ಫೋರ್ಸ್ ತೆಗೆದ ಕ್ಷಣ ಫೀಡ್ ನಿಲ್ಲುತ್ತದೆ. ಪುಡಿ ನಿಂತು ಕಲ್ಲಿದ್ದಲು ಹೋಗುತ್ತಲೇ ಇದ್ದರೆ ಗೋಪುರದ ಬಿಸಿ ನಿಮಿಷಗಳಲ್ಲಿ ಮಿತಿ ಮೀರುತ್ತದೆ.

ಕಾಕಾ ಕಾರ್ಡುಗಳ ಕಪಾಟಿನ ಮುಂದೆ ನಿಂತು ಮಲ್ಟಿಮೀಟರ್ ತೆಗೆದರು. ಟರ್ಮಿನಲ್ಲಿನ ಎರಡೂ ಬದಿಗೆ ಮೊದಲು ಮೀಟರಿನ ತಂತಿ ಹಚ್ಚಿದರು, ಆಮೇಲೆ ನಡುವಿನ ಕೊಂಡಿ ಬಿಚ್ಚಿದರು. ಈ ಕ್ರಮ ತಪ್ಪಿದರೆ ಸರ್ಕಿಟ್ ಕ್ಷಣಕಾಲ ಕಡಿದು ಹೋಗುತ್ತದೆ. ವಾಕಿಟಾಕಿಯಲ್ಲಿ ಅವರ ದನಿ ಬಂತು: "ಆರು ಪಾಯಿಂಟ್ ಒಂಬತ್ತು."

4 ಮಿಲಿಆಂಪಿಯರ್ ಎಂದರೆ 0, 20 ಎಂದರೆ −200. ಕಾಗದದ ಮೇಲೆ ಲೆಕ್ಕ ಹಾಕಿದೆ:

```
(6.9 − 4) ÷ 16 × (−200) ≈ −36
```

ಪರದೆಯ −96 ನಿಜವಾಗಿದ್ದರೆ ಮೀಟರ್ 11.7ರ ಹತ್ತಿರ ತೋರಿಸಬೇಕಿತ್ತು. −36 ಎಂದರೆ ಅಲಾರಂ ಗೆರೆ ದಾಟಿಯಾಗಿದೆ, ಸೈಕ್ಲೋನ್ ತುಂಬುತ್ತಿದೆ.

ಒಂದೇ ಅಂಕಿಯನ್ನು ನಂಬಿ ಫೀಡ್ ನಿಲ್ಲಿಸುವುದೂ ಸರಿಯಲ್ಲ. ಎರಡನೇ ಸಾಕ್ಷಿಗೆ ಅದೇ ಸೈಕ್ಲೋನಿನಿಂದ ಪುಡಿ ಇಳಿಯುವ ಪೈಪಿನ ಉಷ್ಣತೆ ನೋಡಿದೆ. ಅದೂ ಸಪಾಟಾಗಿಯೇ ಕಾಣುತ್ತಿತ್ತು, ಆದರೆ ಅದರ ಪಟ್ಟಿ 0ಯಿಂದ 1200. ಪಟ್ಟಿ ಕಿರಿದು ಮಾಡಿದ ಮೇಲೆ ಅರ್ಧ ತಾಸಿನಲ್ಲಿ 845ರಿಂದ 790ಕ್ಕೆ ಇಳಿದದ್ದು ಕಂಡಿತು. ಬಿಸಿ ಪುಡಿ ಇಳಿಯುವುದು ಕಡಿಮೆಯಾದರೆ ಆ ಪೈಪು ತಣ್ಣಗಾಗುತ್ತದೆ. ಸತ್ತ ಗೆರೆಯ ಪಕ್ಕದಲ್ಲೇ ಬದುಕಿದ್ದ ಗೆರೆಯೊಂದು ನಿಜ ಹೇಳುತ್ತಿತ್ತು, ಪಟ್ಟಿ ದೊಡ್ಡದಾಗಿದ್ದುದರಿಂದ ನನಗೆ ಕೇಳಿಸಿರಲಿಲ್ಲ.

ಜಾಮ್ ಎಂದು ಖಚಿತವಾದರೆ

ಮೊದಲು ಜನ. ಗೋಪುರದ ಕೆಳ ಅಂತಸ್ತು, ಕಿಲನ್ನಿನ ಬಾಯಿ, ಕಿಲನ್ನಿನಿಂದ ಬಂದದ್ದನ್ನು ತಣಿಸುವ ಕೂಲರ್ ಎಲ್ಲ ಕಡೆಯಿಂದ ಎಲ್ಲರನ್ನೂ ದೂರ ಕಳಿಸಲು ವಾಕಿಟಾಕಿಯಲ್ಲಿ ಹೇಳಿದೆ, ಪ್ರತಿಯೊಬ್ಬರೂ ಹೆಸರು ಹೇಳಿ ಉತ್ತರಿಸುವವರೆಗೆ ಕಾದೆ. ಕಟ್ಟಿಕೊಂಡ ಪುಡಿ ಒಮ್ಮೆಲೇ ಸಡಿಲವಾದರೆ ನೀರಿನ ಹಾಗೆ ಹರಿಯುತ್ತದೆ. 800 ಡಿಗ್ರಿಯ ಆ ಹರಿವು ಕಿಲನ್ ದಾಟಿ ಕೂಲರಿನವರೆಗೂ ನುಗ್ಗಬಲ್ಲದು, ತೆರೆದ ಕಿಂಡಿ ಸಿಕ್ಕರೆ ಅಲ್ಲಿಂದ ಹೊರಗೂ ಚಿಮ್ಮುತ್ತದೆ. ಸಿಮೆಂಟ್ ಕಾರ್ಖಾನೆಗಳಲ್ಲಿ ಜೀವಗಳು ಹೋಗಿರುವುದು ಹೀಗೆಯೇ. ಆದ್ದರಿಂದ ಸರಳು ಹಿಡಿದು ಕಿಂಡಿಯ ಮುಂದೆ ಹೋಗುವ ಮಾತನ್ನು ಆ ಹೊತ್ತಿನಲ್ಲಿ ಯಾರೂ ಆಡಕೂಡದು.

ಶಿಫ್ಟ್ ಎಂಜಿನಿಯರಿಗೆ ತಿಳಿಸಿ, ಗೋಪುರದ ಬುಡದಲ್ಲಿ ಪುಡಿಯನ್ನು ಕಾಯಿಸುವ ಕ್ಯಾಲ್ಸಿನರಿನ ಕಲ್ಲಿದ್ದಲು ನಿಲ್ಲಿಸಿ, ಅದರ ಹಿಂದೆಯೇ ಫೀಡ್ ತೆಗೆದು ಕಿಲನ್ ನಿಧಾನ ಮಾಡಿದೆವು. ಸೈಕ್ಲೋನಿನ ಗೋಡೆಗೆ ಕೂರಿಸಿದ ಏರ್ ಬ್ಲಾಸ್ಟರುಗಳನ್ನು ಕಂಟ್ರೋಲ್ ರೂಮಿನಿಂದಲೇ ಒಂದೊಂದಾಗಿ ಹೊಡೆದೆವು. ಏಳನೇ ಹೊಡೆತಕ್ಕೆ ಇಳಿಯುವ ಪೈಪಿನ ಉಷ್ಣತೆ ಒಮ್ಮೆಲೇ ಮೇಲೆ ಜಿಗಿಯಿತು, ಮೀಟರು 9ರ ಮೇಲೆ ಬಂತು. ಆಗಿನ್ನೂ ಎಳೆಯ ಜಾಮ್ ಆಗಿದ್ದರಿಂದ ಗಾಳಿಯ ಹೊಡೆತಕ್ಕೇ ಬಿಟ್ಟಿತು. ಪೂರ್ತಿ ತುಂಬಿದ ಸೈಕ್ಲೋನ್ ಹೀಗೆ ಬಿಡುವುದಿಲ್ಲ, ಕಿಲನ್ ನಿಲ್ಲಿಸಿ, ತರಬೇತಿಯಾದ ತಂಡ ಉಷ್ಣನಿರೋಧಕ ಉಡುಪಿನಲ್ಲಿ ತಾಸುಗಟ್ಟಲೆ ತೆರವು ಮಾಡಬೇಕಾಗುತ್ತದೆ.

ಮೀಟರಿನ ಅಂಕಿ ಸ್ಥಿರವಾದ ಮೇಲೆ ಕಾಕಾ ಕೊಂಡಿ ಮತ್ತೆ ಜೋಡಿಸಿದರು, ನಾನು ಫೋರ್ಸ್ ತೆಗೆದೆ. ಗೆರೆ −71ಕ್ಕೆ ಜಿಗಿದು ನಡುಗತೊಡಗಿತು.

ಈ ಪರೀಕ್ಷೆಗೆ ಒಂದು ಮಿತಿ ಇದೆ: ಆಪರೇಟರಿನ ಕಣ್ಣು ಬೀಳುವವರೆಗೆ ಏನೂ ಶುರುವಾಗುವುದಿಲ್ಲ. ಅದಕ್ಕೆ ಆ ವಾರವೇ ಹೊಸ ಅಲಾರಂ ಕೂರಿಸಲಾಯಿತು. ಕಿಲನ್ ನಡೆಯುತ್ತಿರುವಾಗ ಯಾವುದೇ ಕೋನ್ ಡ್ರಾಫ್ಟ್ ಐದು ನಿಮಿಷದಲ್ಲಿ ಅರ್ಧ ಮಿಲಿಮೀಟರೂ ಅಲುಗದಿದ್ದರೆ ಅದು ಕೂಗುತ್ತದೆ. ಫೋರ್ಸ್ ಹಾಕುವವರು ದಪ್ಪ ರಿಜಿಸ್ಟರಿನಲ್ಲಿ ಟ್ಯಾಗ್, ಹಾಕಿದ ಹೊತ್ತು, ತೆಗೆಯುವ ಹೊತ್ತು ಬರೆದು ಸಹಿ ಮಾಡಬೇಕು, ಪಾಳಿ ಬದಲಾಗುವಾಗ ಆ ಪುಟವನ್ನು ಇಬ್ಬರು ಆಪರೇಟರುಗಳೂ ಓದಬೇಕು ಎಂದಾಯಿತು. ಆ ರಿಜಿಸ್ಟರಿನ ಮೊದಲ ಸಾಲು ನನ್ನ ಕೈಬರಹದ್ದು: ಐದನೇ ಸೈಕ್ಲೋನ್ ಕೋನ್ ಡ್ರಾಫ್ಟ್, ಹಾಕಿದ್ದು 16.10, ತೆಗೆದದ್ದು 03.25.