ಒಮ್ಮೆ ಕೈತುಂಬ, ಒಮ್ಮೆ ಕೈಖಾಲಿ: ಬಿಡಿ ಕೆಲಸದ ದುಡ್ಡನ್ನು ತಿಂಗಳ ಸಂಬಳವಾಗಿಸುವುದು ಹೇಗೆ?

ಅನುವಾದ, ವಿನ್ಯಾಸ, ಫೋಟೊ, ಸಾಫ್ಟ್‌ವೇರ್, ಏನೇ ಇರಲಿ. ಬಿಡಿ ಕೆಲಸ ಹಿಡಿದು ಬದುಕುವವರಿಗೆ ಖಾಲಿ ತಿಂಗಳು ಸಿಡಿಲಿನಂತೆ ಎರಗಿದ ಹಾಗೆ ಕಾಣುತ್ತದೆ. ನಿಜ ಹೇಳಬೇಕೆಂದರೆ ಬಹಳ ಸಲ ಅದರ ಬೀಜ ಬಿದ್ದಿರುವುದು ಸುಮಾರು ಮೂರು ತಿಂಗಳ ಹಿಂದೆ, ನಾವು ತುಂಬಾ ಬ್ಯುಸಿ ಇದ್ದಾಗ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು.

ಮೊದಲು ನಾಲ್ಕು ತಾರೀಖು ಬರೆಯಿರಿ

ಕಳೆದ ಐದಾರು ಕೆಲಸಗಳನ್ನು ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ನಾಲ್ಕು ತಾರೀಖು ಬೇಕು: ಮೊದಲ ಮಾತುಕತೆ, ಒಪ್ಪಿಗೆ ಸಿಕ್ಕಿದ ದಿನ, ಕೆಲಸ ಮುಗಿಸಿ ಬಿಲ್ ಕೊಟ್ಟ ದಿನ, ದುಡ್ಡು ಖಾತೆಗೆ ಬಿದ್ದ ದಿನ. ಹಳೆಯ ಇಮೇಲ್‌ಗಳಲ್ಲಿ ಇವೆಲ್ಲ ಸಿಗುತ್ತವೆ.

ಒಬ್ಬ ಅನುವಾದಕಿಯ ಲೆಕ್ಕ ತೆಗೆದುಕೊಳ್ಳೋಣ. ಮಾತುಕತೆಯಿಂದ ಒಪ್ಪಿಗೆಗೆ 3 ವಾರ. ಕೆಲಸ ಶುರುವಾಗಲು 1 ವಾರ, ಮುಗಿಯಲು 4 ವಾರ. ಬಿಲ್ ಕೊಟ್ಟ ಮೇಲೆ ದುಡ್ಡು ಬರಲು 5 ವಾರ. ಒಟ್ಟು 13 ವಾರ, ಅಂದರೆ ಮೂರು ತಿಂಗಳು. ಇವತ್ತು ಅವರು ಹೊಸ ಕೆಲಸ ಹುಡುಕುವುದನ್ನು ನಿಲ್ಲಿಸಿದರೆ ಬಿಸಿ ತಟ್ಟುವುದು ಮೂರು ತಿಂಗಳಾದ ಮೇಲೆ. ಆ 13 ವಾರವೇ ಮುಂದಿನ ಎಲ್ಲ ಲೆಕ್ಕಕ್ಕೂ ಅಳತೆಗೋಲು. ನಿಮ್ಮದು 8 ಇರಬಹುದು, 20 ಇರಬಹುದು.

ಇಡುಗಂಟು ಎಷ್ಟಿರಬೇಕು?

"ಆರು ತಿಂಗಳ ಖರ್ಚು ಕೂಡಿಡಿ" ಎಂದು ಸುಮ್ನೆ ಹೇಳಿಬಿಡುತ್ತಾರೆ. ನಿಮ್ಮದೇ ಅಂಕಿಯಿಂದ ತೆಗೆದ ಉತ್ತರ ಅದಕ್ಕಿಂತ ನಂಬಿಕೆಗೆ ಯೋಗ್ಯ.

ಒಂದು ವರ್ಷ ಯಾವ ತಿಂಗಳು ಎಷ್ಟು ದುಡ್ಡು ಕೈಗೆ ಬಂತು ಎಂದು ಬರೆಯಿರಿ. ಬಿಲ್ ಮಾಡಿದ ತಿಂಗಳಲ್ಲ, ದುಡ್ಡು ಬಂದ ತಿಂಗಳು ಮುಖ್ಯ. ತೆರಿಗೆ ಮತ್ತು ಕೆಲಸದ ಖರ್ಚನ್ನು ಮೊದಲೇ ಕಳೆದುಬಿಡಿ. ನಮ್ಮ ಅನುವಾದಕಿಯ ಮನೆಖರ್ಚು ತಿಂಗಳಿಗೆ 100 ಎಂದಿಟ್ಟುಕೊಳ್ಳಿ. ಹನ್ನೆರಡು ತಿಂಗಳಲ್ಲಿ ಬಂದದ್ದು ಹೀಗೆ: 160, 210, 140, 60, 20, 0, 90, 190, 170, 110, 50, 30. ಒಟ್ಟು 1230. ತಿಂಗಳಿಗೆ ಸರಾಸರಿ 102 ಚಿಲ್ಲರೆ.

ಸರಾಸರಿ ನೋಡಿದರೆ ಎಲ್ಲ ಸರಿ ಇದೆ, ಅಲ್ವಾ? ಈಗ ಪ್ರತಿ ತಿಂಗಳಿಂದ 100 ಕಳೆದು ನೋಡಿ. ನಾಲ್ಕನೇ ತಿಂಗಳಲ್ಲಿ 40 ಕೊರತೆ, ಐದರಲ್ಲಿ 80, ಆರರಲ್ಲಿ 100, ಏಳರಲ್ಲಿ 10. ಒಂದರ ಹಿಂದೆ ಒಂದು ಸೇರಿ 230. ಅವರ ವರ್ಷದ ಅತಿ ಆಳದ ಹಳ್ಳ ಇದು. ಇಡುಗಂಟು ಕನಿಷ್ಠ ಇಷ್ಟಿರಬೇಕು. ದೊಡ್ಡ ಬಿಲ್ ಒಂದು ತಡವಾದರೂ ತಡೆದುಕೊಳ್ಳಲು ಆ ಬಿಲ್ಲಿನಷ್ಟು, ಇಲ್ಲಿ 70, ಸೇರಿಸಿದರೆ 300. (ಜಲಾಶಯ ಎಷ್ಟು ದೊಡ್ಡದಿರಬೇಕು ಎಂದು ತಿಳಿಯಲು ರಿಪ್ಲ್ ಎಂಬ ಎಂಜಿನಿಯರ್ 1883ರಲ್ಲಿ ಪ್ರಕಟಿಸಿದ ಲೆಕ್ಕವೂ ಹೆಚ್ಚುಕಡಿಮೆ ಇದೇ. ನೀರು ಬರುವುದು ಏರುಪೇರು, ಊರಿಗೆ ಬಿಡಬೇಕಾದ್ದು ಒಂದೇ ಸಮ.)

ನಿಮಗೆ ನೀವೇ ಸಂಬಳ ಕೊಡಿ

ಗಿರಾಕಿಗಳ ದುಡ್ಡೆಲ್ಲ ಒಂದು ಖಾತೆಗೆ ಬರಲಿ. ಬಂದ ದಿನವೇ ತೆರಿಗೆಯ ಪಾಲು ಇನ್ನೊಂದು ಖಾತೆಗೆ ಹೋಗಲಿ. ಮನೆಖರ್ಚಿನ ಖಾತೆಗೆ ತಿಂಗಳಿಗೊಮ್ಮೆ, ಒಂದೇ ತಾರೀಖಿಗೆ, ಒಂದೇ ಮೊತ್ತ. ಮೊದಲ ಖಾತೆಯಲ್ಲಿ ಉಳಿದದ್ದೇ ಇಡುಗಂಟು.

ಸಂಬಳ ಎಷ್ಟು ಎನ್ನುವುದರಲ್ಲೇ ಇರುವುದು ಕಿತಾಪತಿ. ಅನುವಾದಕಿ ಏನೂ ಉಳಿತಾಯವಿಲ್ಲದೆ ಶುರು ಮಾಡಿ ತಿಂಗಳಿಗೆ 100 ತೆಗೆದುಕೊಂಡರೆ ಮೂರನೇ ತಿಂಗಳ ಕೊನೆಗೆ 210 ಇರುತ್ತದೆ. ಆದರೂ ಆರನೇ ತಿಂಗಳಲ್ಲಿ ಸಾಲ ಮಾಡಬೇಕಾಗುತ್ತದೆ. ಖರ್ಚು ಬಿಗಿ ಹಿಡಿದು 90 ತೆಗೆದುಕೊಂಡರೆ ಮೂರನೇ ತಿಂಗಳಲ್ಲಿ 240 ಇರುತ್ತದೆ, ಆರನೇ ತಿಂಗಳು ದಾಟಿದ ಮೇಲೂ 50 ಉಳಿದಿರುತ್ತದೆ. ಸಂಬಳ ಇಳಿದದ್ದು 10, ಹಳ್ಳದ ಆಳ 230ರಿಂದ 190ಕ್ಕೆ ಇಳಿಯಿತು. ಬರಿದಾದ ತಿಂಗಳುಗಳು ಸಾಲಾಗಿ ಬರುವುದರಿಂದ ಸಣ್ಣ ಕಡಿತವೂ ಇಷ್ಟು ಕೆಲಸ ಮಾಡುತ್ತದೆ. ಅದೇ 110 ತೆಗೆದುಕೊಂಡರೆ ವರ್ಷಕ್ಕೆ 90 ಸೋರಿಹೋಗುತ್ತದೆ. ಸರಾಸರಿಗಿಂತ ಜಾಸ್ತಿ ಸಂಬಳವನ್ನು ಯಾವ ಇಡುಗಂಟೂ ಬಹಳ ದಿನ ಹೊರಲಾರದು.

ಇಲ್ಲಿ ಅವರು ಶುರು ಮಾಡಿದ್ದು ಒಳ್ಳೆಯ ತಿಂಗಳಲ್ಲಿ. ನಾಲ್ಕನೇ ತಿಂಗಳಲ್ಲಿ ಕೈಖಾಲಿ ಶುರು ಮಾಡಿದ್ದರೆ 90ರ ಸಂಬಳವೂ ನಡೆಯುತ್ತಿರಲಿಲ್ಲ. ಹಾಗಾಗಿ ಈ ಪದ್ಧತಿ ಶುರುಮಾಡಲು ಸರಿಯಾದ ಸಮಯ, ದೊಡ್ಡ ಬಿಲ್ಲಿನ ದುಡ್ಡು ಬಂದ ದಿನ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಆಸೆ ಹುಟ್ಟುವುದೂ ಸರಿಯಾಗಿ ಅದೇ ದಿನ.

ಮೂರನೇ ತಿಂಗಳನ್ನು ನೋಡುವುದು

ಇಡುಗಂಟು ಹೊಡೆತ ತಡೆಯುತ್ತದೆ, ಹೊಡೆತ ಬೀಳದ ಹಾಗೆ ಮಾಡುವುದಿಲ್ಲ. ಅದಕ್ಕೆ ಬರಲಿರುವ ಕೆಲಸದ ಪಟ್ಟಿ ಬೇಕು. ಒಂದು ಹಾಳೆಯಲ್ಲಿ ಮುಂದಿನ ನಾಲ್ಕು ತಿಂಗಳು ಬರೆದು, ಯಾವ ದುಡ್ಡು ಯಾವ ತಿಂಗಳು ಬರುತ್ತದೆ ಎಂದು ಹಾಕಿ. ಬಿಲ್ ಆದದ್ದು ಮತ್ತು ಒಪ್ಪಿಗೆಯಾದದ್ದು ಪೂರ್ತಿ ಮೊತ್ತ. ಕೊಟೇಶನ್ ಕೊಟ್ಟು ಕಾಯುತ್ತಿರುವುದಕ್ಕೆ ನಿಮ್ಮ ಹಳೆಯ ಅನುಭವದ ಪಾಲು ಮಾತ್ರ: ನಾಲ್ಕರಲ್ಲಿ ಒಂದು ಗಿಟ್ಟುತ್ತದೆ ಎಂದಾದರೆ ಕಾಲು ಭಾಗ. "ನೋಡೋಣ, ಹೇಳ್ತೀವಿ" ಎಂದವರಿಗೆ ಸೊನ್ನೆ.

ಅನುವಾದಕಿ ಮೂರನೇ ತಿಂಗಳಲ್ಲಿ ಈ ಹಾಳೆ ಬರೆದಿದ್ದರೆ? ಬ್ಯಾಂಕಿನಲ್ಲಿ 240. ಆರನೇ ತಿಂಗಳ ಕಾಲಂನಲ್ಲಿ ಒಪ್ಪಿಗೆಯಾದದ್ದು ಏನೂ ಇಲ್ಲ, ತಲಾ 50ರ ಎರಡು ಕೊಟೇಶನ್. ಅಂದರೆ 25. ಬೇಕಾದದ್ದು 90. ಬ್ಯಾಂಕಿನ ಖಾತೆ ಹಳೆಯ ಕಥೆ ಹೇಳುತ್ತದೆ. ಕೆಲಸ ಮುಗಿದು ಐದು ವಾರ ಆದ ಮೇಲೆ ದುಡ್ಡು ಬರುವುದರಿಂದ, ಕೈಯಲ್ಲಿ ಕೆಲಸ ಕಮ್ಮಿಯಾದಾಗಲೇ ಖಾತೆ ತುಂಬಿ ಕಾಣುತ್ತದೆ. ಮೋಸ ಹೋಗುವುದು ಇಲ್ಲೇ.

ಹಾಗಾದರೆ ವಾರಕ್ಕೆ ಎಷ್ಟು ಹುಡುಕಬೇಕು? ಒಂದು ಕೆಲಸಕ್ಕೆ ಕೈಗೆ 50 ಉಳಿದರೆ ತಿಂಗಳಿಗೆ ಎರಡು ಕೆಲಸ ಬೇಕು. ಹಳೆಯ ಗಿರಾಕಿಗಳಲ್ಲಿ ಎರಡು ಕೊಟೇಶನ್‌ಗೆ ಒಂದು, ಹೊಸಬರಲ್ಲಿ ನಾಲ್ಕಕ್ಕೆ ಒಂದು ಸಿಗುತ್ತದೆ ಎಂದುಕೊಂಡರೆ ಒಟ್ಟು ತಿಂಗಳಿಗೆ ಆರು ಕೊಟೇಶನ್. ವಾರಕ್ಕೆ ಒಂದೂವರೆ. ಎಷ್ಟೇ ಬ್ಯುಸಿ ಇದ್ದರೂ ಮಂಗಳವಾರ ಬೆಳಿಗ್ಗೆ ಎರಡು ಗಂಟೆ ಇದಕ್ಕೇ ಎಂದು ಎತ್ತಿಡಬಹುದು. ಹಳೆಯ ಗಿರಾಕಿಗೆ ಒಂದು ಫೋನ್ ಮಾಡುವುದೂ ಇದರಲ್ಲಿ ಸೇರಿತು.

"ಈಗಿರುವುದನ್ನೇ ಮುಗಿಸಲು ಆಗುತ್ತಿಲ್ಲ, ಹೊಸದು ಹಿಡಿದು ಏನು ಮಾಡಲಿ?" ಎನ್ನುವವರೇ ಹೆಚ್ಚು. ನೀವು ಈ ಮಂಗಳವಾರ ಹುಡುಕುತ್ತಿರುವುದು ಮುಂದಿನ ತಿಂಗಳ ಕೆಲಸ. "ಬರುವ ತಿಂಗಳು 10ರ ಮೇಲೆ ಶುರು ಮಾಡುತ್ತೇನೆ, ಜಾಗ ಹಿಡಿದಿಡಲು ಮೂರನೇ ಒಂದು ಭಾಗ ಅಡ್ವಾನ್ಸ್" ಎಂದು ಹೇಳಿ ನೋಡಿ. ಕೆಲವರು ಹೋಗುತ್ತಾರೆ. ಕಾಯುವವರು ಮುಂದಿನ ಹಳ್ಳ ತುಂಬುತ್ತಾರೆ, ಅಡ್ವಾನ್ಸ್ ಕೊಟ್ಟವರಿಂದ 13 ವಾರದ ಅಂತರವೂ ಕಮ್ಮಿಯಾಗುತ್ತದೆ.

ಎಲ್ಲಿ ಕೆಡುತ್ತದೆ

ಹೆಚ್ಚಾಗಿ ಕೆಡುವುದು ಬರದ ತಿಂಗಳಲ್ಲಿ. ಗಾಬರಿಯಾಗಿ ಅರ್ಧ ದರಕ್ಕೆ ದೊಡ್ಡ ಕೆಲಸ ಒಪ್ಪಿಕೊಳ್ಳುತ್ತೇವೆ. ಅದು ಆರು ವಾರ ತಿನ್ನುತ್ತದೆ, ಹುಡುಕುವುದು ನಿಲ್ಲುತ್ತದೆ, ಮುಂದಿನ ಬರಕ್ಕೆ ಅಲ್ಲೇ ಬೀಜ ಬೀಳುತ್ತದೆ. ಇಡುಗಂಟು ಅರ್ಧಕ್ಕೆ ಇಳಿದು ಮೂರನೇ ತಿಂಗಳ ಕಾಲಂ ಕೂಡ ಖಾಲಿ ಇದ್ದರೆ, ದರ ಇಳಿಸುವ ಮೊದಲು ನಿಮ್ಮ ಸಂಬಳವನ್ನು ಐದನೇ ಒಂದು ಭಾಗ ಇಳಿಸಿ. ಒಂದೇ ಅವಸ್ಥೆಯಲ್ಲಿ ಈ ಲೆಕ್ಕವೆಲ್ಲ ಕೈಕೊಡುತ್ತದೆ: ವರ್ಷದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬರೇ ಗಿರಾಕಿಯಿಂದ ಬರುತ್ತಿದ್ದರೆ. ಆಗ ಅವರ ದುಡ್ಡನ್ನು ಪೂರ್ತಿ ಅಳಿಸಿ, ಉಳಿದ ಅಂಕಿಗಳ ಮೇಲೆ ಹಳ್ಳವನ್ನು ಇನ್ನೊಮ್ಮೆ ಅಳೆಯಿರಿ.